ಉದ್ದ ಕೂದಲು, ಭಾರ ಮತ್ತು ಓಟ: ಜಿಮ್‌ಗೆ ಯಾವ ಜಡೆ, ಯಾವ ತುರುಬು?

ಬೆನ್ನು ಮುಚ್ಚುವಷ್ಟು ಕೂದಲಿರುವವರು ಜಿಮ್‌ಗೆ ಸೇರಿದ ಮೊದಲ ವಾರಗಳಲ್ಲೇ ಒಂದು ಗೊಂದಲಕ್ಕೆ ಸಿಲುಕುತ್ತಾರೆ. ಪೋನಿ ಹಾಕಿದರೆ ಓಡುವಾಗ ಬೀಸುತ್ತದೆ, ತುರುಬು ಕಟ್ಟಿದರೆ ಬೆಂಚ್ ಮೇಲೆ ಮಲಗಲಾಗುವುದಿಲ್ಲ, ಒಂದೇ ಜಡೆ ಹೆಣೆದರೆ ಸ್ಕ್ವಾಟ್ ಮಾಡುವಾಗ ರಾಡ್‌ನ ಅಡಿಗೆ ಸಿಕ್ಕಿಕೊಳ್ಳುತ್ತದೆ. ಯಾವುದು ಗಟ್ಟಿಯಾಗಿ ನಿಲ್ಲುತ್ತದೆ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ, ಏಕೆಂದರೆ ಪ್ರತಿಯೊಬ್ಬರೂ ತಾವು ಮಾಡುವ ವ್ಯಾಯಾಮವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿರುತ್ತಾರೆ. ಗಟ್ಟಿಯಾಗಿ ನಿಲ್ಲುವುದು ಒಂದು ಗುಣ ಮಾತ್ರ. ಅದಕ್ಕಿಂತ ಮುಖ್ಯವಾದದ್ದು ಗಂಟು ತಲೆಯ ಯಾವ ಜಾಗದಲ್ಲಿ ಕೂರುತ್ತದೆ ಎಂಬುದು. ಆದ್ದರಿಂದ ಒಂದೇ ದಿನ ಸ್ಕ್ವಾಟ್, ಬೆಂಚ್ ಪ್ರೆಸ್ ಮತ್ತು ಸ್ವಲ್ಪ ಓಟ ಮಾಡುವ, ಜಿಮ್‌ಗೆ ಸ್ಕೂಟರಿನಲ್ಲಿ ಹೋಗಿಬರುವ ಬೆಂಗಳೂರಿನ ಮಹಿಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಮಾಡಿದ್ದೇನೆ.

ಮೊದಲು ಅಳತೆಗೋಲು

ತಲೆಯ ಹಿಂಭಾಗವನ್ನು ಮೂರು ಪಾಲು ಮಾಡಿ ನೋಡಿ. ನೆತ್ತಿ ಒಂದು, ಹಿಂದಲೆ ಇನ್ನೊಂದು, ಕೂದಲು ಮುಗಿಯುವ ಕತ್ತಿನ ಬುಡ ಮೂರನೆಯದು. ಬೆಂಚ್ ಪ್ರೆಸ್‌ನಲ್ಲಿ ಹಿಂದಲೆ ಬೆಂಚಿಗೆ ಒರಗುತ್ತದೆ. ಅಲ್ಲಿ ಮುಷ್ಟಿ ಗಾತ್ರದ ತುರುಬಿದ್ದರೆ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಯ ಕಡೆಗೆ ಬರುತ್ತದೆ, ಆ ಭಂಗಿಯಲ್ಲಿ ಭಾರ ಎತ್ತಿದರೆ ಕತ್ತಿನ ಸ್ನಾಯುಗಳು ಬಿಗಿಯುತ್ತವೆ. ಪವರ್‌ಲಿಫ್ಟಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲಿ ಬೆಂಚ್ ಪ್ರೆಸ್ ಮಾಡುವವರ ತಲೆ ಬೆಂಚಿಗೆ ತಾಗಿರಬೇಕು ಎಂದೇ ಇದೆ. ಮಲಗಿದಾಗ ಕೂದಲು ತಲೆಯ ಹಿಂಭಾಗವನ್ನು ಮರೆಮಾಡುತ್ತಿದ್ದರೆ ಅದನ್ನು ಸರಿಯಾಗಿ ಕಟ್ಟಿಕೊಂಡು ಬರುವಂತೆ ತೀರ್ಪುಗಾರರು ಹೇಳಬಹುದು. ಸ್ಪರ್ಧೆಗೆ ಹೋಗದವರಿಗೂ ಇದು ಒಳ್ಳೆಯ ಅಳತೆಗೋಲು, ಏಕೆಂದರೆ ತಲೆ ಸಮನಾಗಿ ಒರಗದಿದ್ದರೆ ಭುಜದ ಮೂಳೆಗಳನ್ನು ಹಿಂದಕ್ಕೆ ಸೇರಿಸಿ ಬೆಂಚಿಗೆ ಒತ್ತಿ ಹಿಡಿಯುವುದೂ ಕಷ್ಟವಾಗುತ್ತದೆ.

ಸ್ಕ್ವಾಟ್‌ನ ಕಥೆ ಬೇರೆ. ಅಲ್ಲಿ ರಾಡ್ ಕೂರುವುದು ಭುಜಗಳ ಮೇಲೆ, ಕತ್ತಿನ ಬುಡಕ್ಕೆ ಸ್ವಲ್ಪ ಕೆಳಗೆ. ಕತ್ತಿನ ಹತ್ತಿರ ಕಟ್ಟಿದ ದೊಡ್ಡ ತುರುಬು ರಾಡ್‌ಗೆ ತಗಲುತ್ತದೆ. ಬೆನ್ನ ಮೇಲೆ ಇಳಿದ ಜಡೆಯು ರಾಡ್ ಮತ್ತು ಭುಜದ ನಡುವೆ ಒತ್ತಿಕೊಳ್ಳುತ್ತದೆ. ಹೀಗೆ ಸಿಕ್ಕಿಕೊಂಡದ್ದು ಭಾರವನ್ನು ಸ್ಟ್ಯಾಂಡಿನಿಂದ ಎತ್ತಿ ಹಿಂದೆ ಸರಿಯುವವರೆಗೂ ಗೊತ್ತಾಗದೇ ಇರಬಹುದು. ಗೊತ್ತಾದಾಗ ತಲೆಯನ್ನು ಸ್ವಲ್ಪವೂ ಮುಂದಕ್ಕೆ ತರಲಾಗದೆ ಕತ್ತಿನ ಬಳಿಯ ಕೂದಲು ಬುಡದಿಂದ ಜಗ್ಗುತ್ತದೆ. ಕೈ ಜಾರದಿರಲೆಂದು ರಾಡ್ ಮೇಲೆ ಕೊರೆದಿರುವ ಒರಟು ಗೀರುಗಳು ಕೆಲವು ರಾಡ್‌ಗಳಲ್ಲಿ ನಟ್ಟನಡುವೆಯೂ ಇರುತ್ತವೆ; ಅದೇ ಜಾಗದಲ್ಲಿ ಮತ್ತೆ ಮತ್ತೆ ಉಜ್ಜಿದ ಜಡೆಯ ಎಳೆಗಳು ಮಧ್ಯದಲ್ಲೇ ತುಂಡಾಗುತ್ತವೆ. ಇನ್ನು ನೆತ್ತಿ. ಅದು ಜಿಮ್‌ನೊಳಗೆ ಖಾಲಿ ಜಾಗ. ಆದರೆ ನಮ್ಮೂರಿನಲ್ಲಿ ಓಡಿಸುವವರಿಗೂ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಗಿರುವುದರಿಂದ ದಾರಿಯಲ್ಲಿ ಆ ಜಾಗ ಹೆಲ್ಮೆಟ್ಟಿನದು.

ಎರಡನೆಯ ಅಳತೆಗೋಲು ಬೀಸುವಿಕೆ. ಓಡುವವರ ತಲೆ ಪ್ರತಿ ಹೆಜ್ಜೆಗೂ ಮೇಲೆ ಕೆಳಗೆ ಹೋಗುತ್ತದೆ, ಅಕ್ಕಪಕ್ಕಕ್ಕೆ ಹೆಚ್ಚೇನೂ ಅಲುಗುವುದಿಲ್ಲ; ಆದರೂ ಜುಟ್ಟು ಮಾತ್ರ ಎಡಕ್ಕೂ ಬಲಕ್ಕೂ ಬೀಸುತ್ತದೆ. ಅಮೆರಿಕದ ಗಣಿತಜ್ಞ ಜೋಸೆಫ್ ಕೆಲ್ಲರ್ 2010ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದಕ್ಕೆ ಕಾರಣವನ್ನು ಬಿಡಿಸಿ ತೋರಿಸಿದರು, ಮತ್ತು ಜುಟ್ಟಿನ ಕುರಿತ ಸಂಶೋಧನೆಗಾಗಿ ಅವರಿಗೂ ಇನ್ನು ಮೂವರು ವಿಜ್ಞಾನಿಗಳಿಗೂ 2012ರ ಭೌತಶಾಸ್ತ್ರದ ಇಗ್ ನೊಬೆಲ್ ಬಹುಮಾನ ದೊರೆಯಿತು. ಕೆಲ್ಲರ್ ಹೇಳಿದ್ದರ ಸಾರ ಇಷ್ಟು: ಮೇಲಿನ ತುದಿ ಲಯಬದ್ಧವಾಗಿ ಏರಿಳಿಯುತ್ತಿರುವಾಗ ಅದಕ್ಕೆ ನೇತುಬಿದ್ದದ್ದು ನೆಟ್ಟಗೆ ಉಳಿಯಲಾರದು, ಪಕ್ಕಕ್ಕೆ ಬಿದ್ದ ಸಣ್ಣದೊಂದು ಅಲುಗಾಟವೂ ಹೆಜ್ಜೆಯಿಂದ ಹೆಜ್ಜೆಗೆ ಬೆಳೆಯುತ್ತಾ ಹೋಗುತ್ತದೆ. ಟ್ರೆಡ್‌ಮಿಲ್ ಎದುರಿನ ಕನ್ನಡಿಯಲ್ಲಿ ಗಮನಿಸಿದರೆ ಎರಡು ಹೆಜ್ಜೆಗೆ ಒಂದು ಪೂರ್ತಿ ಬೀಸು ಕಾಣುತ್ತದೆ.

ಇದರಿಂದ ನಮಗೆ ತಿಳಿಯಬೇಕಾದದ್ದು ಒಂದೇ. ಬೀಸುವಿಕೆಗೆ ಕಾರಣ ರಬ್ಬರ್ ಬ್ಯಾಂಡ್ ಸಡಿಲವಾಗಿರುವುದಲ್ಲ, ಕೆಳಗೆ ನೇತಾಡುವ ಉದ್ದ ಮತ್ತು ಅದರ ಬಿಡಿ ತುದಿ. ಬ್ಯಾಂಡನ್ನು ಇನ್ನೂ ಒಂದು ಸುತ್ತು ಬಿಗಿದರೆ ಬುಡಕ್ಕೆ ನೋವಾಗುತ್ತದೆಯೇ ಹೊರತು ಜುಟ್ಟು ಬೀಸುವುದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಉದ್ದವನ್ನು ಕಡಿಮೆ ಮಾಡಬೇಕು, ಇಲ್ಲವೇ ತುದಿಯನ್ನೂ ಕಟ್ಟಿಹಾಕಬೇಕು.

ಮೂರನೆಯದು ಬುಡದ ಮೇಲಿನ ಎಳೆತ. ದಿನವೂ ಒಂದೇ ಜಾಗದಲ್ಲಿ ಬಿಗಿಯಾಗಿ ಎಳೆದು ಕಟ್ಟುವವರಿಗೆ ಹಣೆಯಂಚು ಮತ್ತು ಕಣತಲೆಯ ಬಳಿ ಕೂದಲು ತೆಳುವಾಗುತ್ತಾ ಬರುವ ತೊಂದರೆಯನ್ನು ಚರ್ಮವೈದ್ಯರು ಟ್ರ್ಯಾಕ್ಷನ್ ಅಲೊಪೇಸಿಯಾ ಎನ್ನುತ್ತಾರೆ. ಶುರುವಿನಲ್ಲೇ ಎಳೆತ ತಪ್ಪಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಮುಂದುವರಿದರೆ ಬುಡವೇ ಮುಚ್ಚಿಹೋಗಿ ಆ ಜಾಗ ಹಾಗೆಯೇ ಉಳಿಯಬಹುದು. ಅದರ ಮುನ್ಸೂಚನೆಗಳು ಕಣ್ಣಿಗೆ ಕಾಣುವಂಥವು: ಕೂದಲು ಬಿಚ್ಚಿದ ಮೇಲೂ ಬುಡ ನೋಯುವುದು, ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುವುದು, ಕಣತಲೆಯ ಬಳಿ ತುಂಡಾದ ಗಿಡ್ಡ ಕೂದಲು ಹೆಚ್ಚಾಗುವುದು. ಕಟ್ಟಿಕೊಂಡ ಕೂಡಲೇ ಹುಬ್ಬು ಎತ್ತಿ ನೋಡಿ, ಗಲ್ಲವನ್ನು ಎದೆಗೆ ತಾಗಿಸಿ ನೋಡಿ; ಎರಡರಲ್ಲಿ ಯಾವುದಕ್ಕಾದರೂ ಚರ್ಮ ಜಗ್ಗಿದರೆ ಅದು ಅಗತ್ಯಕ್ಕಿಂತ ಬಿಗಿ. ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಆದ್ದರಿಂದ ಬೆಳಿಗ್ಗೆ ತಲೆಸ್ನಾನ ಮಾಡಿ ಒಣಗುವ ಮುನ್ನವೇ ಬಿಗಿ ಜಡೆ ಹೆಣೆದು ಹೊರಡುವ ಅಭ್ಯಾಸವನ್ನು ಬಿಡಲೇಬೇಕು.

ಸಮಯ ಮತ್ತು ಖರ್ಚನ್ನು ನಾನು ಕೊನೆಗೆ ಇಟ್ಟಿದ್ದೇನೆ. ಮುಂದೆ ಹೇಳುವ ಯಾವುದಕ್ಕೂ ನಾಲ್ಕಾರು ಬ್ಯಾಂಡು ಮತ್ತು ಒಂದಿಷ್ಟು ಪಿನ್ನಿಗಿಂತ ಹೆಚ್ಚಿನದು ಬೇಕಾಗಿಲ್ಲ. ಮಲ್ಲೇಶ್ವರದ 8ನೇ ಅಡ್ಡರಸ್ತೆಯಲ್ಲೋ ಗಾಂಧಿ ಬಜಾರಿನಲ್ಲೋ ಅವು ಸುಲಭವಾಗಿ ಸಿಗುತ್ತವೆ.

ಪೋನಿ ಮತ್ತು ಒಂದೇ ಜಡೆ

ಪೋನಿಗೆ ಒಂದು ನಿಮಿಷ ಸಾಕು ಎಂಬುದೇ ಅದರ ದೊಡ್ಡ ಅನುಕೂಲ. ಭುಜ ದಾಟದ ಕೂದಲಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಉದ್ದ ಕೂದಲಿಗೆ ಮಾತ್ರ ಅದು ಮೂರು ಅಳತೆಗೋಲುಗಳಲ್ಲಿಯೂ ಸೋಲುತ್ತದೆ: ಬೀಸುತ್ತದೆ, ಬೆವರಿದ ಕಾಲರಿಗೆ ಉಜ್ಜಿ ಸಿಕ್ಕಾಗುತ್ತದೆ, ಮತ್ತು ಇಡೀ ಕೂದಲಿನ ಭಾರವು ಹಣೆ, ಕಣತಲೆ, ಕತ್ತಿನ ಅಂಚುಗಳ ಮೇಲೆ ಬೀಳುತ್ತದೆ. ಕೇಬಲ್ ಮಷೀನ್‌ನ ಹತ್ತಿರ ಬಿಡಿಗೂದಲು ಅಪಾಯಕಾರಿಯೂ ಹೌದು. ರಾಟೆಯ ಬಳಿ ಬಾಗಿ ಪಿನ್ ಬದಲಿಸುವಾಗ ಜುಟ್ಟು ಮುಂದಕ್ಕೆ ಜಾರಿ ಹಗ್ಗದ ಜೊತೆ ಸುತ್ತಿಕೊಳ್ಳಬಹುದು.

ಒಂದೇ ಜಡೆ ಪೋನಿಗಿಂತ ಬಹಳ ಮೇಲು. ಸಿಕ್ಕಾಗುವುದಿಲ್ಲ, ಹೆಲ್ಮೆಟ್ಟಿನ ಕೆಳಗೆ ಸಲೀಸಾಗಿ ಇಳಿಯುತ್ತದೆ, ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಪೋನಿ ಕಟ್ಟಿ ಅದರಿಂದ ಜಡೆ ಇಳಿಸುವುದಕ್ಕಿಂತ, ಬ್ಯಾಂಡ್ ಇಲ್ಲದೆ ಕತ್ತಿನ ಬಳಿಯಿಂದ ಮೂರು ಎಳೆಗಳಾಗಿ ನೇರವಾಗಿ ಹೆಣೆದರೆ ಬುಡಕ್ಕೆ ಹಿತ. ಆದರೆ ಒಂದು ಗಂಟೆಯ ನಂತರ ಮುಂಗೂದಲು ಸಡಿಲಾಗುತ್ತದೆ. ಹಣೆಯಿಂದಲೇ ಸ್ವಲ್ಪ ಸ್ವಲ್ಪ ಕೂದಲು ಸೇರಿಸಿಕೊಳ್ಳುತ್ತಾ ಹೆಣೆಯುವ ಫ್ರೆಂಚ್ ಜಡೆಯಲ್ಲಿ ಈ ಸಮಸ್ಯೆಯಿಲ್ಲ, ಎಳೆತವೂ ತಲೆಯ ತುಂಬ ಹಂಚಿಹೋಗುತ್ತದೆ. ಫ್ರೆಂಚ್ ಜಡೆಯಲ್ಲಿ ಎಳೆಗಳು ಒಂದರ ಮೇಲೊಂದು ದಾಟುವುದರಿಂದ ಹೆಣಿಗೆ ತಲೆಗೆ ಅಂಟಿಕೊಂಡಂತೆ ಚಪ್ಪಟೆಯಾಗಿರುತ್ತದೆ; ಎಳೆಗಳನ್ನು ಅಡಿಯಿಂದ ದಾಟಿಸುವ ಡಚ್ ಜಡೆಯಲ್ಲಿ ಹೆಣಿಗೆ ಏಣಿನಂತೆ ಎದ್ದು ನಿಲ್ಲುತ್ತದೆ. ನಡುತಲೆಯಲ್ಲಿ ಒಂದೇ ಡಚ್ ಜಡೆ ಹಾಕಿಕೊಂಡು ಬೆಂಚ್ ಮೇಲೆ ಮಲಗಿದರೆ ಆ ಏಣು ಹಿಂದಲೆಗೆ ಒತ್ತುತ್ತದೆ. ಆದ್ದರಿಂದ ಒಂದೇ ಜಡೆಯಾದರೆ ಫ್ರೆಂಚ್ ಆಗಿರಲಿ.

ಒಂದೇ ಜಡೆಗೆ ಸ್ಕ್ವಾಟ್ ದಿನ ಒಂದು ಶಿಸ್ತು ಬೇಕು. ರಾಡ್‌ನ ಅಡಿಗೆ ತಲೆ ತರುವ ಮೊದಲೇ ಜಡೆಯನ್ನು ಒಂದು ಭುಜದ ಮೇಲಿಂದ ಮುಂದಕ್ಕೆ ತಂದುಕೊಳ್ಳಬೇಕು. ರಾಡ್ ಭುಜದ ಮೇಲೆ ಕೂತ ನಂತರ, ಭಾರ ಎತ್ತುವ ಮುನ್ನ, ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ಎಲ್ಲೂ ಜಗ್ಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆದರೆ ಫ್ರಂಟ್ ಸ್ಕ್ವಾಟ್ ಅಥವಾ ಭಾರವನ್ನು ನೆಲದಿಂದ ಭುಜಕ್ಕೆ ಎತ್ತುವ ಕ್ಲೀನ್ ಮಾಡುವಾಗ ರಾಡ್ ಮುಂಭುಜದ ಮೇಲೆ ಬಂದು ಕೂರುವುದರಿಂದ ಜಡೆ ಹಿಂದೆಯೇ ಇರಬೇಕು. ಒಂದೇ ದಿನ ಎರಡೂ ಇದ್ದರೆ ಈ ಅದಲುಬದಲು ಮರೆತುಹೋಗುವ ಸಾಧ್ಯತೆ ಹೆಚ್ಚು, ಸುಸ್ತಾದಾಗ ಇನ್ನೂ ಹೆಚ್ಚು. ಜಡೆಯನ್ನು ಟೀ ಶರ್ಟಿನೊಳಗೆ ಇಳಿಬಿಡುವವರಿದ್ದಾರೆ. ಡೆಡ್‌ಲಿಫ್ಟ್‌ಗೆ ಅದು ಪರವಾಗಿಲ್ಲ, ಆದರೆ ಬೆವರಿದ ಬೆನ್ನಿಗೆ ಅಂಟಿಕೊಂಡ ಜಡೆಯು ಕತ್ತು ಬಾಗಿಸಿದಾಗಲೆಲ್ಲ ಬುಡವನ್ನು ಜಗ್ಗುತ್ತದೆ.

ಸೊಂಟ ಮುಟ್ಟುವ ಜಡೆ ಓಟದಲ್ಲಿ ಪೋನಿಯಷ್ಟು ಚೆದುರುವುದಿಲ್ಲ ನಿಜ, ಬೀಸುವುದಂತೂ ತಪ್ಪುವುದಿಲ್ಲ. ತುದಿಯಲ್ಲಿ ಕುಚ್ಚು ಅಥವಾ ಭಾರದ ಬ್ಯಾಂಡ್ ಇದ್ದರೆ ಅದು ಬೆನ್ನಿಗೆ ಹೊಡೆಯುತ್ತಲೇ ಇರುತ್ತದೆ.

ತುರುಬು: ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ

ತುರುಬಿನಲ್ಲಿ ನೇತಾಡುವ ಉದ್ದವೇ ಇರುವುದಿಲ್ಲ. ಆದ್ದರಿಂದ ಬೀಸುವ ಸಮಸ್ಯೆ ಅಲ್ಲಿಗೇ ಮುಗಿಯಿತು. ಉಳಿದದ್ದು ಜಾಗದ ಪ್ರಶ್ನೆ. ಹಿಂದಲೆಯ ತುರುಬು ಬೆಂಚಿಗೂ ಸಿಟ್‌ಅಪ್‌ಗೂ ಆಗದು, ಅದನ್ನು ಪಟ್ಟಿಯಿಂದ ತೆಗೆದುಬಿಡಿ. ಕತ್ತಿನ ಬುಡದ ತುರುಬು ಓಟಕ್ಕೆ ನನ್ನ ಮೊದಲ ಆಯ್ಕೆ. ತಲೆಯ ಏರಿಳಿತದ ಪೆಟ್ಟು ಅಲ್ಲಿ ಬುಡಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಟೋಪಿಯನ್ನೂ ಹಾಕಿಕೊಳ್ಳಬಹುದು. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ಬೆಳಿಗ್ಗೆ ದೂರದ ಓಟ ಓಡುವವರಲ್ಲಿ ಉದ್ದ ಕೂದಲಿರುವವರನ್ನು ಗಮನಿಸಿದರೆ ಮೊದಲು ಜಡೆ ಹೆಣೆದು, ಆ ಜಡೆಯನ್ನೇ ಸುತ್ತಿ ಕತ್ತಿನ ಬಳಿ ಕಟ್ಟಿಕೊಂಡವರು ಕಾಣಸಿಗುತ್ತಾರೆ. ಬಿಡಿಗೂದಲನ್ನು ತಿರುಚಿ ಸುತ್ತಿದ ತುರುಬು ತನ್ನ ತಿರುಚನ್ನು ಬಿಚ್ಚಿಕೊಳ್ಳಲು ನೋಡುತ್ತಲೇ ಇರುತ್ತದೆ. ಹೆಣೆದ ಜಡೆಯ ಸುರುಳಿಗಳು ಒಂದಕ್ಕೊಂದು ಹಿಡಿದುಕೊಂಡು ಕೂರುತ್ತವೆ. ನಾಲ್ಕು ಯು ಆಕಾರದ ಪಿನ್ನುಗಳನ್ನು ಹೊರಗಿನಿಂದ ಒಳಕ್ಕೆ, ಬುಡದ ಕೂದಲನ್ನೂ ಸ್ವಲ್ಪ ಸೇರಿಸಿಕೊಂಡು ಚುಚ್ಚಿದರೆ ಹತ್ತು ಕಿಲೋಮೀಟರಿಗೆ ಅದು ಅಲುಗುವುದಿಲ್ಲ. ಕ್ಲಚ್ ಹಾಕಬೇಡಿ, ಬಿದ್ದರೆ ಅದರ ಹಲ್ಲುಗಳು ತಲೆಗೆ ಚುಚ್ಚುತ್ತವೆ.

ನೆತ್ತಿಯ ತುರುಬು ಇದಕ್ಕೆ ತದ್ವಿರುದ್ಧ. ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್, ಕ್ಲೀನ್ ಎಲ್ಲಕ್ಕೂ ಅದು ದಾರಿ ಬಿಟ್ಟುಕೊಡುತ್ತದೆ. ಭಾರ ಎತ್ತುವುದಷ್ಟೇ ಮಾಡುವ, ನಡೆದೋ ಮೆಟ್ರೋದಲ್ಲೋ ಜಿಮ್‌ಗೆ ಬರುವ, ಸಾಧಾರಣ ದಪ್ಪದ ಕೂದಲಿನವರಿಗೆ ಇದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ದಪ್ಪ ಕೂದಲಿನವರಿಗೆ ಮಾತ್ರ ಅಷ್ಟು ಭಾರವೂ ನೆತ್ತಿಯ ಒಂದು ಹಿಡಿ ಬುಡದ ಮೇಲೆ ನಿಲ್ಲುತ್ತದೆ, ಓಡಿದರೆ ಪ್ರತಿ ಹೆಜ್ಜೆಗೂ ಕುಲುಕುತ್ತದೆ, ಹೆಲ್ಮೆಟ್ ಮೇಲಕ್ಕೆ ಎದ್ದು ನಿಲ್ಲುತ್ತದೆ. ತುರುಬಿನ ಮೇಲೆ ಹೆಲ್ಮೆಟ್ ಒತ್ತಿ ಹಾಕಿಕೊಂಡು ಹೋಗುವುದು ಕೂಡದು. ತಲೆಗೆ ಸರಿಯಾಗಿ ಕೂರದ ಹೆಲ್ಮೆಟ್ ಬಿದ್ದಾಗ ರಕ್ಷಿಸಲಾರದು.

ಎರಡು ಜಡೆ, ಮಡಿಚಿ ಕಟ್ಟಿದ್ದು

ನಡುತಲೆಯನ್ನೂ ಕತ್ತಿನ ಬುಡವನ್ನೂ ಖಾಲಿ ಬಿಟ್ಟು, ಕೂದಲನ್ನೆಲ್ಲ ಕಿವಿಗಳ ಹಿಂದಕ್ಕೆ ಸಾಗಿಸುವ ಉಪಾಯವೇ ಎರಡು ಜಡೆ. ಹಣೆಯಿಂದ ಕತ್ತಿನವರೆಗೆ ಬೈತಲೆ ತೆಗೆದು ಎರಡೂ ಕಡೆ ಫ್ರೆಂಚ್ ಅಥವಾ ಡಚ್ ಹೆಣಿಗೆ ಹಾಕಿದರೆ, ಮಲಗಿದಾಗ ತಲೆ ಎರಡು ಹೆಣಿಗೆಗಳ ನಡುವೆ ಸಮನಾಗಿ ಒರಗುತ್ತದೆ. ಬಾಕ್ಸಿಂಗ್ ಮಾಡುವವರು ಇದನ್ನು ಮೆಚ್ಚುವುದು ಇದಕ್ಕೇ. ಒಂದು ಎಚ್ಚರಿಕೆ: ಇಲ್ಲಿಯೂ ಉದ್ದ ಹಾಗೆಯೇ ಇರುತ್ತದೆ. ಕೆಳಗೆ ಇಳಿದ ಎರಡು ಜಡೆಗಳು ಸ್ಕ್ವಾಟ್‌ನಲ್ಲಿ ರಾಡ್‌ನ ಅಡಿಗೂ, ಫ್ರಂಟ್ ಸ್ಕ್ವಾಟ್‌ನಲ್ಲಿ ಮುಂಭುಜದ ಮೇಲೂ ಬರುತ್ತವೆ.

ಇದಕ್ಕೆ ಪರಿಹಾರ ನಮ್ಮ ಸರ್ಕಾರಿ ಶಾಲೆಗಳ ಹುಡುಗಿಯರು ರಿಬ್ಬನ್ ಹಾಕಿ ಕಟ್ಟಿಕೊಂಡು ಬರುತ್ತಿದ್ದ ಮಡಿಚಿದ ಎರಡು ಜಡೆಯಲ್ಲಿದೆ. ತುದಿಯನ್ನು ಮೇಲಕ್ಕೆ ತಂದು ಬುಡದಲ್ಲಿ ಕಟ್ಟಿದಾಗ ಉದ್ದ ಅರ್ಧವಾಗುತ್ತದೆ, ಬೀಸುವುದಕ್ಕೆ ಬಿಡಿ ತುದಿಯೂ ಉಳಿಯುವುದಿಲ್ಲ. ಆಟದ ಪೀರಿಯಡ್ಡಿನಲ್ಲಿ ಖೋಖೋ ಆಡಿ ಬಂದರೂ ಆ ಜಡೆ ಬಿಚ್ಚಿಕೊಳ್ಳದೆ ಇರುತ್ತಿದ್ದುದು ಆ ಕಾರಣಕ್ಕೇ. ಜಿಮ್‌ಗೆ ಅದನ್ನು ತರುವಾಗ ಮಾಡಬೇಕಾದ ಬದಲಾವಣೆ ಎರಡು: ರಿಬ್ಬನ್ ಬದಲು ಬಟ್ಟೆ ಸುತ್ತಿದ, ಲೋಹದ ಜೋಡಣೆಯಿಲ್ಲದ ಬ್ಯಾಂಡ್ ಹಾಕುವುದು, ಮತ್ತು ಮಡಿಕೆ ಎಷ್ಟಿರಬೇಕೆಂದು ಅಳೆದು ನಿರ್ಧರಿಸುವುದು.

ನನ್ನ ಚಿಕ್ಕಮ್ಮನ ಮಗಳ ಉದಾಹರಣೆಯನ್ನು ಪೂರ್ತಿಯಾಗಿ ಹೇಳುತ್ತೇನೆ. ಅವಳದು ಸೊಂಟ ದಾಟಿದ, ದಪ್ಪನೆಯ, ಸ್ವಲ್ಪ ಅಲೆಯಲೆಯಾದ ಕೂದಲು. ಮನೆ ಬಸವನಗುಡಿಯಲ್ಲಿ, ಜಿಮ್ ಜಯನಗರದಲ್ಲಿ. ಸಂಜೆ ಕೆಲಸ ಮುಗಿಸಿ ಸ್ಕೂಟರಿನಲ್ಲಿ ಹೋಗುತ್ತಾಳೆ. ಒಂದೇ ಸಂಜೆ ಸ್ಕ್ವಾಟ್, ಬೆಂಚ್ ಪ್ರೆಸ್, ಕೊನೆಗೆ ಹದಿನೈದು ನಿಮಿಷ ಟ್ರೆಡ್‌ಮಿಲ್. "ಅಕ್ಕಾ, ಹಿಂದೆ ಕಟ್ಟಿದ್ರೆ ಬೆಂಚಲ್ಲಿ ಮಲಗಕ್ಕಾಗಲ್ಲ, ಮೇಲೆ ಕಟ್ಟಿದ್ರೆ ಹೆಲ್ಮೆಟ್ ಹಿಡಿಯಲ್ಲ, ಏನ್ ಮಾಡ್ಲಿ ಹೇಳು" ಎಂದು ಕೇಳಿದಳು. ಎರಡು ಫ್ರೆಂಚ್ ಜಡೆ ಹೆಣೆದು ನೋಡಿದೆವು. ಕಿವಿಯ ಹಿಂದಿನಿಂದ ಜಡೆಯ ತುದಿಯವರೆಗೆ ಅಳೆದಾಗ 56 ಸೆಂ.ಮೀ. ಬಂತು. ಒಮ್ಮೆ ಮಡಿಚಿದರೆ 28. ಆದರೆ ಅವಳ ಕಿವಿಯ ಹಿಂದಿನಿಂದ ರಾಡ್ ಕೂರುವ ಜಾಗಕ್ಕೆ ಇದ್ದದ್ದು 18 ಸೆಂ.ಮೀ. ಮಾತ್ರ. ಅಂದರೆ ಒಂದು ಮಡಿಕೆಯ ಕೆಳಗಿನ ಹತ್ತು ಸೆಂಟಿಮೀಟರು ರಾಡ್‌ನ ಅಡಿಗೇ ಬರುತ್ತಿತ್ತು. ಮಡಿಚಿದ್ದನ್ನು ಇನ್ನೊಮ್ಮೆ ಮಡಿಚಿದಾಗ 14 ಸೆಂ.ಮೀ. ಆಯಿತು, ಮಡಿಕೆಯ ತಳಕ್ಕೂ ರಾಡ್‌ಗೂ ನಡುವೆ ನಾಲ್ಕು ಬೆರಳಿನಷ್ಟಲ್ಲದಿದ್ದರೂ ಎರಡು ಬೆರಳಿನಷ್ಟು ಜಾಗ ಸಿಕ್ಕಿತು.

ಹೀಗಾಗಿ ಲೆಕ್ಕ ಸರಳ. ಕಿವಿಯ ಹಿಂದಿನಿಂದ ನಿಮ್ಮ ಜಡೆಯ ಉದ್ದವನ್ನೂ, ಅಲ್ಲಿಂದ ರಾಡ್ ಕೂರುವ ಜಾಗಕ್ಕಿರುವ ದೂರವನ್ನೂ ಟೇಪಿನಲ್ಲಿ ಅಳೆಯಿರಿ. ಜಡೆಯ ಅರ್ಧ ಆ ದೂರಕ್ಕಿಂತ ಕಡಿಮೆಯಿದ್ದರೆ ಒಂದು ಮಡಿಕೆ ಸಾಕು. ಬೆನ್ನಿನ ಮಧ್ಯದವರೆಗಿನ ಕೂದಲಿಗೆ ಸಾಮಾನ್ಯವಾಗಿ ಅಷ್ಟೇ ಸಾಕಾಗುತ್ತದೆ. ಅದಕ್ಕಿಂತ ಉದ್ದವಿದ್ದರೆ ಎರಡು ಮಡಿಕೆ ಬೇಕು. ಎರಡು ಮಡಿಚಿಯೂ ತಗಲುವಷ್ಟು ಉದ್ದವಿರುವವರು ಅಪರೂಪ. ಅವರು ಎಡ ಜಡೆಯನ್ನು ಬಲಕ್ಕೂ ಬಲ ಜಡೆಯನ್ನು ಎಡಕ್ಕೂ ನೆತ್ತಿಯ ಮುಂಭಾಗದ ಮೇಲಿಂದ ದಾಟಿಸಿ ಪಿನ್ ಹಾಕಿ ಕಿರೀಟದಂತೆ ಕೂರಿಸಬೇಕಾಗುತ್ತದೆ.

ಕಟ್ಟುವ ಕ್ರಮವೂ ಮುಖ್ಯ. ಮೊದಲು ಜಡೆಯ ತುದಿಗೆ ಸಣ್ಣ ಬ್ಯಾಂಡ್. ತುದಿಯನ್ನು ಹೊರಗಿನಿಂದಲ್ಲ, ಒಳಗಿನಿಂದ, ಅಂದರೆ ಕತ್ತಿನ ಕಡೆಯಿಂದ ಮೇಲಕ್ಕೆ ತಂದು ಕಿವಿಯ ಹಿಂದೆ ಹೆಣಿಗೆ ತಲೆಯನ್ನು ಬಿಡುವ ಜಾಗದಲ್ಲಿ ಹಿಡಿದುಕೊಳ್ಳಿ. ಎರಡನೆಯ ಮಡಿಕೆ ಬೇಕಿದ್ದರೆ ಕೆಳಗಿನ ಬಾಗನ್ನೂ ಹಾಗೆಯೇ ಮೇಲಕ್ಕೆತ್ತಿ, ಎಲ್ಲವನ್ನೂ ಸೇರಿಸಿ ದೊಡ್ಡ ಬ್ಯಾಂಡನ್ನು ಮೂರು ಸುತ್ತು ಹಾಕಿ. ಸುತ್ತು ಜಡೆಗಳನ್ನು ಒಂದಕ್ಕೊಂದು ಬಿಗಿಯಬೇಕು, ಬುಡದ ಕೂದಲನ್ನು ಎಳೆಯಬಾರದು; ಬ್ಯಾಂಡ್ ಮತ್ತು ತಲೆಯ ಚರ್ಮದ ನಡುವೆ ಕಿರುಬೆರಳು ತೂರುವಷ್ಟು ಸಡಿಲವಿರಲಿ. ಮಡಿಕೆಗಳು ಕಿವಿಗೆ ಹತ್ತಿರ, ಹಾಲೆಯ ಹಿಂದೆಯೇ ಇರಬೇಕು. ಹಿಂದಲೆಯ ಕಡೆಗೆ ಜಾರಿದರೆ ಬೆಂಚ್ ಮೇಲೆ ಮತ್ತೆ ತಲೆ ಎತ್ತರವಾಗುತ್ತದೆ.

ಹೆಲ್ಮೆಟ್ಟಿನ ಸಮಸ್ಯೆಗೆ ಅವಳು ತಾನೇ ದಾರಿ ಹುಡುಕಿದಳು. ಹೆಣೆಯುವ ಕೆಲಸವನ್ನು ಮನೆಯಲ್ಲೇ ಮುಗಿಸಿ, ಜಡೆಗಳನ್ನು ಮಡಿಚದೆ ಅಂಗಿಯೊಳಗೆ ಇಳಿಬಿಟ್ಟು ಹೊರಡುತ್ತಾಳೆ. ಮಡಿಚುವುದನ್ನು ಮಾತ್ರ ಜಿಮ್‌ನಲ್ಲಿ ಮಾಡುತ್ತಾಳೆ, ಅದಕ್ಕೆ ಒಂದೆರಡು ನಿಮಿಷ ಸಾಕು. ಫ್ರೆಂಚ್ ಹೆಣಿಗೆ ಚಪ್ಪಟೆಯಾಗಿರುವುದರಿಂದ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ಡಚ್ ಹೆಣಿಗೆಯ ಏಣು ಒತ್ತುತ್ತದೆ ಎಂದು ಅದನ್ನು ಬಿಟ್ಟಳು. ವಾಪಸು ಹೊರಡುವ ಮುನ್ನ ಮಡಿಕೆ ಬಿಚ್ಚಿ, ಬುಡದ ಬೆವರನ್ನು ಟವೆಲಿನಲ್ಲಿ ಒತ್ತಿ ತೆಗೆದು, ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತು ಆಮೇಲೆ ಹೆಲ್ಮೆಟ್ ಹಾಕಿಕೊಳ್ಳುತ್ತಾಳೆ. ಮಳೆಗಾಲದಲ್ಲಿ ಇದನ್ನು ತಪ್ಪಿಸಿದರೆ ಒದ್ದೆ ಬುಡ ರಾತ್ರಿಯವರೆಗೂ ಒಣಗುವುದಿಲ್ಲ, ಮರುದಿನ ತುರಿಕೆ ಶುರುವಾಗುತ್ತದೆ.

ಈ ಜಡೆಯ ಕೊರತೆಗಳನ್ನೂ ಹೇಳಬೇಕು. ಕೈ ಪಳಗುವವರೆಗೆ ಹೆಣೆಯಲು ಹತ್ತು ಹನ್ನೆರಡು ನಿಮಿಷ ಹಿಡಿಯುತ್ತದೆ, ಹಿಂದೆ ಕಾಣದ ಬೈತಲೆ ಸೊಟ್ಟಗಾಗುತ್ತದೆ. ಎರಡು ಮಡಿಕೆಯ ಜಡೆ ದಪ್ಪ ಗೊಂಚಲಿನಂತೆ ಕಿವಿಯ ಹಿಂದೆ ನಿಲ್ಲುವುದರಿಂದ ಕಿವಿಯ ಮೇಲೆ ಕೂರುವ ದೊಡ್ಡ ಹೆಡ್‌ಫೋನ್ ಹಾಕಲಾಗದು. ಸ್ಟೆಪ್ ಕಟ್ ಮಾಡಿಸಿದವರ ಗಿಡ್ಡ ಎಳೆಗಳು ಹೆಣಿಗೆಯಿಂದ ಹೊರಬರುತ್ತವೆ. ಅವರು ಹಣೆಗೆ ಅಗಲದ ಬಟ್ಟೆಯ ಪಟ್ಟಿಯನ್ನೂ ಕಟ್ಟಿಕೊಳ್ಳಬೇಕು. ಬೈತಲೆಯನ್ನು ದಿನವೂ ಒಂದೇ ಗೆರೆಯಲ್ಲಿ ತೆಗೆದರೆ ಅಲ್ಲಿನ ಬುಡಕ್ಕೆ ವಿಶ್ರಾಂತಿಯೇ ಇರುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆಯಾದರೂ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಸಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ ಯಾವ ಬ್ಯಾಂಡೂ ಹಿಡಿಯುವುದಿಲ್ಲ, ಬೆಂಚಿಗೂ ಎಣ್ಣೆ ಅಂಟುತ್ತದೆ; ಎಣ್ಣೆಯನ್ನು ಜಿಮ್ ಇಲ್ಲದ ದಿನಕ್ಕೆ ಇಟ್ಟುಕೊಳ್ಳುವುದೇ ಮೇಲು.

ಬ್ಯಾಂಡಿನ ವಿಷಯದಲ್ಲಿ ಉಳಿತಾಯ ಮಾಡುವ ಜಾಗ ಯಾವುದು, ಮಾಡಬಾರದ ಜಾಗ ಯಾವುದು ಎಂದು ತಿಳಿದಿರಬೇಕು. ತುದಿಗೆ ಹಾಕುವ ಸಣ್ಣ ಬ್ಯಾಂಡ್ ಅಗ್ಗದ್ದಾದರೂ ನಡೆಯುತ್ತದೆ. ಬುಡದ ಬಳಿ ಹಾಕುವುದು ಬಟ್ಟೆ ಸುತ್ತಿದ್ದೇ ಆಗಬೇಕು. ಕಾಗದ ಕಟ್ಟುವ ರಬ್ಬರನ್ನು ಬಿಚ್ಚುವಾಗಲೆಲ್ಲ ನಾಲ್ಕಾರು ಕೂದಲು ಅದರೊಂದಿಗೇ ಕಿತ್ತು ಬರುತ್ತದೆ. ಟೆಲಿಫೋನ್ ವೈರಿನಂಥ ಸುರುಳಿ ಬ್ಯಾಂಡ್ ಪೋನಿಗೆ ಹಿತವಾದರೂ ಮಡಿಕೆಗಳನ್ನು ಹಿಡಿಯುವಷ್ಟು ಬಿಗಿ ಕೊಡುವುದಿಲ್ಲ. ಪಾರ್ಲರಿನಲ್ಲಿ ತಲೆಗೆ ಅಂಟಿಸಿದಂತೆ ಸಣ್ಣ ಸಣ್ಣ ಜಡೆ ಹೆಣೆಸಿಕೊಂಡು ವಾರಗಟ್ಟಲೆ ಇಟ್ಟುಕೊಳ್ಳುವವರಿದ್ದಾರೆ. ಅದು ಅಲುಗುವುದಿಲ್ಲ ನಿಜ, ಆದರೆ ಎಳೆತವೂ ಹಗಲು ರಾತ್ರಿ ಬಿಡುವುದಿಲ್ಲ. ಹಣೆಯಂಚು ಈಗಾಗಲೇ ತೆಳುವಾಗಿರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ನಿಮಗೆ ಯಾವುದು?

ಆಯ್ಕೆ ಮಾಡುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೂದಲು ಕಟ್ಟಿಕೊಂಡು ನೆಲದ ಮೇಲೆ ಅಂಗಾತ ಮಲಗಿ, ತಲೆ ಎತ್ತರವಾಗದೆ ಛಾವಣಿ ನೇರವಾಗಿ ಕಾಣುತ್ತದೆಯೇ ನೋಡಿ. ಉದ್ದನೆಯ ಕೋಲೊಂದನ್ನು ಸ್ಕ್ವಾಟ್ ರಾಡ್‌ನಂತೆ ಭುಜದ ಮೇಲಿಟ್ಟುಕೊಂಡು ತಲೆ ತಿರುಗಿಸಿ. ಕೊನೆಗೆ ಕನ್ನಡಿಯ ಮುಂದೆ ನಿಂತಲ್ಲೇ ಒಂದು ನಿಮಿಷ ಓಡಿ. ಮೂರರಲ್ಲಿ ನಿಮ್ಮ ವ್ಯಾಯಾಮಕ್ಕೆ ಸಂಬಂಧಿಸಿದ್ದರಲ್ಲಿ ತೇರ್ಗಡೆಯಾದರೆ ಸಾಕು, ಮೂರರಲ್ಲೂ ಆಗಬೇಕೆಂದಿಲ್ಲ.

ಓಟ ಮಾತ್ರವಾದರೆ ಜಡೆ ಹೆಣೆದು ಕತ್ತಿನ ಬಳಿ ಸುತ್ತಿದ ತುರುಬು. ಐದು ನಿಮಿಷ ಮತ್ತು ನಾಲ್ಕು ಪಿನ್ನು. ಭಾರ ಮಾತ್ರ, ಹೆಲ್ಮೆಟ್ ಇಲ್ಲ, ಕೂದಲೂ ತೀರಾ ದಪ್ಪವಿಲ್ಲ ಎಂದಾದರೆ ನೆತ್ತಿಯ ತುರುಬು. ಎರಡೂ ಇದ್ದು ಸ್ಕೂಟರ್ ಪ್ರಯಾಣವೂ ಇದ್ದರೆ ಮಡಿಚಿದ ಎರಡು ಫ್ರೆಂಚ್ ಜಡೆಗೆ ಹತ್ತು ನಿಮಿಷ ಕೊಡುವುದು ಸಾರ್ಥಕ. ಬೆಳಿಗ್ಗೆ ಆರು ಗಂಟೆಯ ಬ್ಯಾಚಿಗೆ ಓಡುವವರಿಗೆ ಆ ಹತ್ತು ನಿಮಿಷ ಸಿಗದಿದ್ದರೆ, ಹಿಂದಿನ ರಾತ್ರಿಯೇ ಒಣ ಕೂದಲಿಗೆ ಎರಡು ಸಾದಾ ಜಡೆಗಳನ್ನು ಸಡಿಲವಾಗಿ ಹೆಣೆದು ಮಲಗಿ, ಬೆಳಿಗ್ಗೆ ಮುಂಗೂದಲಿಗೆ ಕಣತಲೆಯ ಎರಡೂ ಕಡೆ ಟಿಕ್‌ಟಾಕ್ ಕ್ಲಿಪ್ ಒತ್ತಿ, ಜಿಮ್ ತಲುಪಿದ ಮೇಲೆ ಮಡಿಚಿಕೊಳ್ಳಬಹುದು. ಬೆಂಚ್ ಮೇಲೆ ಮಲಗುವ ಮೊದಲು ಆ ಕ್ಲಿಪ್ಪುಗಳು ಹಿಂದಕ್ಕೆ ಜಾರಿಲ್ಲವೆಂದು ಕೈಯಾಡಿಸಿ ನೋಡಿಕೊಳ್ಳಿ.